ಬೆಳಗಿನ ಜಾವದ ಬದಲಿ ಪಟ್ಟಿ: ಹೊಗಳಿಕೆಗೆ ತಕ್ಕ ಗುಣವಿದೆಯೆ?

ಬೆಳಗಿನ ಪಾಳಿಗೆ ಬರಬೇಕಾದವರು ಜ್ವರ ಬಂದು ಮಲಗಿದರೆ ಏನು ಮಾಡಬೇಕೆಂದು ಕೇಳಿದರೆ ಈಗ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ. ವಾಟ್ಸಾಪ್ ಗುಂಪಿಗೆ ಸಂದೇಶ ಹಾಕುವುದು, ಮೊದಲು ಒಪ್ಪಿದವರನ್ನು ಕರೆಸಿಕೊಳ್ಳುವುದು. ಯಾರ ಮೇಲೂ ಒತ್ತಾಯವಿಲ್ಲ, ಎಲ್ಲರಿಗೂ ಸಮಾನ ಅವಕಾಶ ಎಂದು ಇದನ್ನು ಮೆಚ್ಚುವವರಿದ್ದಾರೆ. ಆಸ್ಪತ್ರೆಯ ವಾರ್ಡಿನಿಂದ ಹೋಟೆಲಿನ ಅಡುಗೆಮನೆಯವರೆಗೆ ಹಬ್ಬಿರುವ ಈ ಪದ್ಧತಿಗೆ ಅದು ಗಳಿಸದ ಕೀರ್ತಿ ಸಿಕ್ಕಿದೆ. ಅದರ ಎದುರಿಗೆ ಹಳೆಯ ಕಾಲದ್ದೆಂದು ಬದಿಗೆ ಬಿದ್ದಿರುವ ಸರದಿ ಪಟ್ಟಿಯನ್ನು ಮಾತ್ರ ಯಾರೂ ಸರಿಯಾಗಿ ಓದಿಲ್ಲ.

ಬಸ್ ಡಿಪೊವೊಂದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ವಿಷಯ ತಿಳಿಯಾಗುತ್ತದೆ. ಬೆಳಗಿನ ಪಾಳಿಗೆ 40 ನಿರ್ವಾಹಕರು ಬೇಕು, ಒಬ್ಬೊಬ್ಬರೂ ಹಠಾತ್ತನೆ ಗೈರಾಗುವ ಸಂಭವ 100ಕ್ಕೆ 5 ಎಂದಿಟ್ಟುಕೊಳ್ಳೋಣ. ಸರಾಸರಿ ಇಬ್ಬರು ಬರುವುದಿಲ್ಲ. ಹಾಗಾದರೆ ಇಬ್ಬರು ಬದಲಿಯವರನ್ನು ಡಿಪೊದಲ್ಲಿ ಕೂರಿಸಿದರೆ ಸಾಕಲ್ಲವೆ ಎಂಬುದು ಮೇಲಧಿಕಾರಿಗಳ ವಾದ. ಸಾಲದು. ಸರಾಸರಿ ಎರಡಿದ್ದರೂ ಮೂರು ಅಥವಾ ಅದಕ್ಕಿಂತ ಹೆಚ್ಚು ಜನ ಗೈರಾಗುವ ಬೆಳಗುಗಳು ಹೆಚ್ಚುಕಡಿಮೆ ಮೂರರಲ್ಲಿ ಒಂದು. 100 ಬೆಳಗುಗಳಲ್ಲಿ 95ನ್ನು ನಿಭಾಯಿಸಬೇಕೆಂದರೆ ನಾಲ್ವರು ಬೇಕು. ಆ ನಾಲ್ವರಲ್ಲಿ ಇಬ್ಬರು ಎಷ್ಟೋ ದಿನ ಕೆಲಸವಿಲ್ಲದೆ ಕೂತಿರುತ್ತಾರೆ. ಆ ಸಂಬಳ ದಂಡವೆಂದು ಇಬ್ಬರನ್ನು ಕಡಿತ ಮಾಡಿದ ಕಡೆಯಲ್ಲೇ ಫೋನಿನ ಭರಾಟೆ ಶುರುವಾಗುವುದು.

ಇನ್ನು ಆ ಫೋನಿನ ಪಟ್ಟಿ. ಬಸ್ಸು 6 ಗಂಟೆಗೆ ಹೊರಡಬೇಕು. ಕಾಯಿಲೆಯ ಸುದ್ದಿ ಡಿಪೊಗೆ ಮುಟ್ಟಿದ್ದು 4.40ಕ್ಕೆ. ಬದಲಿಗೆ ಬರುವವರಿಗೆ ಮನೆಯಿಂದ ಡಿಪೊಗೆ 40 ನಿಮಿಷ, ಟಿಕೆಟ್ ಮೆಷಿನ್, ವೇ ಬಿಲ್ಲು, ಚಿಲ್ಲರೆ ಪಡೆಯಲು 10 ನಿಮಿಷ. ಅಂದರೆ 5.10ರ ನಂತರ ಯಾರು ಒಪ್ಪಿದರೂ ಬಸ್ಸು ತಡವಾಯಿತೆಂದೇ ಲೆಕ್ಕ. ಕೈಯಲ್ಲಿರುವುದು 30 ನಿಮಿಷ. ಫೋನ್ ಮಾಡುವುದು, ಎತ್ತದಿದ್ದರೆ ಇನ್ನೊಮ್ಮೆ ಪ್ರಯತ್ನಿಸುವುದು, ನಿದ್ದೆಗಣ್ಣಿನವರಿಗೆ ವಿಷಯ ತಿಳಿಸಿ ಉತ್ತರ ಪಡೆಯುವುದು, ಅದನ್ನು ಪುಸ್ತಕದಲ್ಲಿ ಬರೆಯುವುದು ಸೇರಿ ಒಬ್ಬರಿಗೆ 5 ನಿಮಿಷವಾದರೂ ಹಿಡಿಯುತ್ತದೆ. ಹಾಗಾಗಿ ಆರು ಕರೆಗಳಷ್ಟೇ ಸಾಧ್ಯ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಮೂವತ್ತು ಹೆಸರಿದ್ದರೆ ಕೊನೆಯ ಇಪ್ಪತ್ತನಾಲ್ಕು ಗೋಡೆಯ ಅಲಂಕಾರ.

ಆ ಆರು ಕರೆಗಳು ಹಾಳಾಗುವ ಬಗೆಯನ್ನು ನೋಡಬೇಕು. ಮೊದಲ ಹೆಸರಿನವರು ಹಿಂದಿನ ರಾತ್ರಿ 10 ಗಂಟೆಗೆ ಡ್ಯೂಟಿ ಇಳಿದವರು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಶುರುವಾಗುವ ನಡುವೆ ಸತತ ಒಂಬತ್ತು ಗಂಟೆಗಳ ವಿರಾಮ ಕೇಳಿತ್ತು. ಆ ಅಳತೆಯಲ್ಲಿ ಅವರು 7ಕ್ಕೆ ಮೊದಲು ಸಿಗುವಂತಿಲ್ಲ. ಎರಡನೆಯವರು ಫೋನ್ ಎತ್ತಲಿಲ್ಲ. ಮೂರನೆಯವರಿಗೆ ಬರುವ ಮನಸ್ಸಿದೆ, ಆದರೆ ಊರು 25 ಕಿಲೋಮೀಟರ್ ದೂರ, ಆ ಹೊತ್ತಿನಲ್ಲಿ ಅಲ್ಲಿಂದ ಬಸ್ಸಿಲ್ಲ. ಬಸ್ಸಿನವರಿಗೇ ಬಸ್ಸಿಲ್ಲದ ಈ ಪಾಡು ಪಟ್ಟಿ ಬರೆಯುವವರಿಗೆ ಹೊಳೆಯುವುದೇ ಇಲ್ಲ. ನಾಲ್ಕನೆಯವರು ಒಪ್ಪುವಷ್ಟರಲ್ಲಿ 5 ಗಂಟೆ, 5.40ಕ್ಕೆ ಬಂದು ತಲುಪುತ್ತಾರೆ. ಬಸ್ಸೇನೋ ಹೊರಟಿತು, ಆದರೆ ಮೊದಲ ಮತ್ತು ಮೂರನೆಯ ಕರೆ ಪೂರ್ತಿ ದಂಡ. ಅವೆರಡನ್ನೂ ಹಿಂದಿನ ಸಂಜೆಯೇ ತಪ್ಪಿಸಬಹುದಿತ್ತು. ಸಂಜೆ ಪಾಳಿಗಳ ಪುಸ್ತಕ ಮುಂದಿಟ್ಟುಕೊಂಡು ವಿರಾಮ ಸಾಲದವರನ್ನು, ಸಮಯಕ್ಕೆ ಬರಲಾಗದವರನ್ನು ಆ ಒಂದು ದಿನದ ಮಟ್ಟಿಗೆ ದಾಟಿಸಿ ಆರು ಹೆಸರು ಬರೆದಿಡುವುದು ಹತ್ತು ನಿಮಿಷದ ಕೆಲಸ.

ದಾಟಿಸಿದವರ ಸರದಿ ಏನಾಗಬೇಕು? ಪಟ್ಟಿಯ ಗುಣದೋಷವೆಲ್ಲ ಇರುವುದು ಈ ಒಂದು ಅಂಶದಲ್ಲಿ. ವಿರಾಮದ ಕಾರಣಕ್ಕೆ ಬಿಟ್ಟವರ ಸ್ಥಾನ ಹಾಗೇ ಉಳಿಯಬೇಕು, ಅವರನ್ನು ಯಾರೂ ಕೇಳಿಯೇ ಇಲ್ಲ. ಬಂದು ಕೆಲಸ ಮಾಡಿದವರು ಕೊನೆಗೆ ಹೋಗುತ್ತಾರೆ. ಆಗುವುದಿಲ್ಲ ಎಂದವರೂ ಕೊನೆಗೆ; ಅವಕಾಶ ಸಿಕ್ಕಿತ್ತು, ಬೇಡವೆಂದರು, ಅದರಲ್ಲಿ ತಪ್ಪೇನಿಲ್ಲ. ತೊಡಕಿರುವುದು ಫೋನ್ ಎತ್ತದವರಲ್ಲಿ. ಅವರನ್ನು ಮೇಲೆಯೇ ಬಿಟ್ಟರೆ ಅದೇ ಹೆಸರು ದಿನವೂ ಐದು ನಿಮಿಷ ನುಂಗುತ್ತದೆ. ತಕ್ಷಣ ಕೆಳಗಿಳಿಸಿದರೆ ಮಲಗಿದ್ದವರಿಗೂ ನಿರಾಕರಿಸಿದವರಿಗೂ ವ್ಯತ್ಯಾಸವಿಲ್ಲದಂತಾಗುತ್ತದೆ. ಒಮ್ಮೆ ಬಿಟ್ಟುಕೊಟ್ಟು, ಎರಡನೆಯ ಸಲವೂ ಎತ್ತದಿದ್ದರೆ ಕೊನೆಗೆ ಕಳಿಸುವುದು ನಡುದಾರಿ. ಇದಕ್ಕೆ ಪುಸ್ತಕದಲ್ಲಿ ನಾಲ್ಕು ಬಗೆಯ ಗುರುತು ಬೇಕು. ಹೆಚ್ಚಿನ ಕಡೆ ಇರುವುದು ಎರಡೇ: ಬಂದರು, ಬರಲಿಲ್ಲ. ಸೇವಾ ಹಿರಿತನದ ಪಟ್ಟಿಯಲ್ಲಂತೂ ಅಷ್ಟೂ ಇಲ್ಲ. ಅಲ್ಲಿ ಪ್ರತಿದಿನ ಮೊದಲ ಕರೆ ಅದೇ ಹಿರಿಯರಿಗೆ, ಓ.ಟಿ. ಕೂಡ ಅವರಿಗೇ.

ವಾಟ್ಸಾಪ್ ಗುಂಪಿನಲ್ಲಿ ಈ ಯಾವ ಗುರುತೂ ಉಳಿಯುವುದಿಲ್ಲ. ಸಂದೇಶ ನೋಡಿ ಸುಮ್ಮನಾದವರೆಷ್ಟು, ಮಲಗಿದ್ದವರೆಷ್ಟು ತಿಳಿಯದು. ಬೇರೆ ಯಾರಾದರೂ ಹೋಗುತ್ತಾರೆಂದು ಪ್ರತಿಯೊಬ್ಬರೂ ಭಾವಿಸುತ್ತಾರೆ, ಇಲ್ಲವೆ ಇಬ್ಬರು ಒಟ್ಟಿಗೇ ಒಪ್ಪಿ ಒಬ್ಬರು ಬರಿಗೈಲಿ ಮನೆಗೆ ಮರಳುತ್ತಾರೆ. ತಿಂಗಳ ಕೊನೆಗೆ ನೋಡಿದರೆ ಬಂದವರು ಅದೇ ಮೂರು ನಾಲ್ಕು ಜನ: ಡಿಪೊ ಹತ್ತಿರದ ಮನೆಯವರು, ಹಣದ ತುರ್ತಿದ್ದವರು. ಅವರು ಹಿಂದಿನ ರಾತ್ರಿ ಎಷ್ಟಕ್ಕೆ ಡ್ಯೂಟಿ ಇಳಿದರೆಂದು ಯಾರೂ ಕೇಳಿರುವುದಿಲ್ಲ. ಬೇಗ ತಿಳಿಸಬಹುದೆಂಬ ಒಂದು ಗುಣ ಇದಕ್ಕಿದೆ, ಒಪ್ಪೋಣ.

ಇಲ್ಲಿ ಇತಿಹಾಸಕಾರರೊಂದಿಗೂ ಒಂದು ತಕರಾರಿದೆ. ಮುಂಬಯಿಯ ಹತ್ತಿಗಿರಣಿಗಳ ಬದಲಿ ಕಾರ್ಮಿಕರ ಕಥೆಯನ್ನು ಮಾರಿಸ್ ಡಿ. ಮಾರಿಸ್ 1965ರಲ್ಲಿ, ರಾಜನಾರಾಯಣ ಚಂದಾವರ್ಕರ್ 1994ರಲ್ಲಿ ತಮ್ಮ ಗ್ರಂಥಗಳಲ್ಲಿ ಚರ್ಚಿಸಿದ್ದಾರೆ. ಗೈರುಹಾಜರಿ ಹಳ್ಳಿಯಿಂದ ಬಂದವರ ಸ್ವಭಾವವೆಂಬ ಹಳೆಯ ವಾದವನ್ನು ಇಬ್ಬರೂ ತಂತಮ್ಮ ದಾರಿಯಲ್ಲಿ ಕೆಡವಿದರು, ಅದು ದೊಡ್ಡ ಕೆಲಸ. ಆದರೆ ಅವರನ್ನು ಓದಿ ಬರೆಯುವವರ ಕೈಯಲ್ಲಿ ಬದಲಿ ಪದ್ಧತಿಯೆಂದರೆ ಆಳುಗಳನ್ನು ಕೆಲಸಕ್ಕೆ ಹಚ್ಚುತ್ತಿದ್ದ ಜಾಬರನ ಲಂಚ, ಮಾಲೀಕರ ಲಾಭ ಎಂಬಲ್ಲಿಗೇ ಮಾತು ನಿಲ್ಲುತ್ತದೆ. 1935ರಲ್ಲಿ ಮುಂಬಯಿ ಗಿರಣಿ ಮಾಲೀಕರ ಸಂಘ ತಂದ ಯೋಜನೆಯಲ್ಲಿ ತಿಂಗಳ ಮೊದಲ ದಿನ ಆಯ್ದ ಕೆಲವರಿಗೆ ಬದಲಿ ಕಾರ್ಡು ಕೊಡುತ್ತಿದ್ದರು. ಅವರು ದಿನವೂ ಬೆಳಿಗ್ಗೆ ಗಿರಣಿಗೆ ಹಾಜರಾಗಬೇಕಿತ್ತು, ಖಾಲಿ ಜಾಗಗಳನ್ನು ಅವರಿಂದಲೇ ತುಂಬಬೇಕಿತ್ತು. ಗೇಟಿನ ಮುಂದೆ ನಿಲ್ಲುವವರು ಯಾರೆಂಬುದನ್ನು ಕಾರ್ಡು ತೀರ್ಮಾನಿಸಿತು. ನಿಂತವರಲ್ಲಿ ಮೊದಲು ಒಳಗೆ ಹೋಗುವವರು ಯಾರೆಂಬುದನ್ನು ಕಾರ್ಡೊಂದೇ ತೀರ್ಮಾನಿಸಲಾರದು. ಜಾಬರನಿಗೆ ಕೈಯಾಡಿಸಲು ಅಷ್ಟು ಸಂದು ಸಾಕು.

ಕಾನೂನು ಆ ಸಂದನ್ನು ಇನ್ನಷ್ಟು ಅಗಲ ಮಾಡಿತು. ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ಸೇರಿಸಿದ ಲೇ-ಆಫ್ ಪರಿಹಾರದ ಅಧ್ಯಾಯದ ಪ್ರಕಾರ ಒಂದು ವರ್ಷದ ಸತತ ಸೇವೆ ಮುಗಿಸಿದ ಬದಲಿ ಕಾರ್ಮಿಕ ಆ ಪರಿಹಾರದ ಮಟ್ಟಿಗೆ ಬದಲಿಯಾಗಿರಲಿಲ್ಲ. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದು ಸತತ ಸೇವೆಯೇ ಆಗಿತ್ತು. 230ರ ಹತ್ತಿರ ಬಂದ ಹೆಸರನ್ನು ದಾಟಿಸುವ ಆಸೆ ಯಾರಿಗೆ ಹುಟ್ಟುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ದಾಟಿಸಿದ್ದಕ್ಕೆ ಕಾರಣದ ಗುರುತು ಪುಸ್ತಕದಲ್ಲಿದ್ದರೆ ಕಾರ್ಮಿಕ ಸಂಘ ಅದನ್ನು ಹಿಡಿದು ಕೇಳಬಹುದು. ಶೋಷಣೆಯೆಂದು ಬರೆದು ಮುಂದೆ ಹೋಗುವವರಿಗೆ ಈ ಪುಸ್ತಕ ಸಣ್ಣ ವಿಷಯವಾಗಿ ಕಂಡರೆ ಕಣ್ಣಿನ ದೋಷವೇ ಸರಿ.

ಸರದಿ ಪಟ್ಟಿಗೂ ಮಿತಿಯಿದೆ. ಮೇಲಿನ ಲೆಕ್ಕ ಒಬ್ಬರ ಕಾಯಿಲೆಗೂ ಇನ್ನೊಬ್ಬರ ಕಾಯಿಲೆಗೂ ಸಂಬಂಧವಿಲ್ಲವೆಂದು ನಂಬಿದೆ. ಹಬ್ಬದ ಮರುದಿನವೋ, ಊರಲ್ಲೆಲ್ಲ ವೈರಲ್ ಜ್ವರ ಹಬ್ಬಿದಾಗಲೋ ಆ ನಂಬಿಕೆ ನಿಲ್ಲುವುದಿಲ್ಲ. ನಾಲ್ವರು ಬದಲಿಯವರಲ್ಲೇ ಇಬ್ಬರು ಮಲಗಿರುತ್ತಾರೆ. ಅದಕ್ಕಾಗಿ ಬದಲಿ ಪಟ್ಟಿಯ ಹಿಂಬದಿಯಲ್ಲಿ ಇನ್ನೊಂದು ಚಿಕ್ಕ ಪಟ್ಟಿ ಹಿಂದಿನ ಸಂಜೆಯೇ ಸಿದ್ಧವಿರಬೇಕು: ಯಾವ ಶೆಡ್ಯೂಲ್ ಮೊದಲು ರದ್ದಾಗಬೇಕು, ಅದರ ಹಿಂದೆಯೇ ಬೇರೆ ಬಸ್ಸಿರುವ ಮಾರ್ಗ ಯಾವುದು, ಶಾಲೆಯ ಮಕ್ಕಳಿಗೆ ಇರುವ ಒಂದೇ ಬಸ್ಸು ಯಾವುದು. ಆರು ಕರೆಗಳೂ ಮುಗಿದು 5.10 ಆದ ಮೇಲೆ ಏಳನೆಯ ನಿರ್ವಾಹಕರ ನಂಬರು ಹುಡುಕುವ ಬದಲು ಬಸ್ ನಿಲ್ದಾಣದ ಸಂಚಾರ ನಿಯಂತ್ರಕರಿಗೆ ಫೋನ್ ಮಾಡಿ ಆ ಪಟ್ಟಿಯ ಮೊದಲ ಶೆಡ್ಯೂಲ್ ಇಂದು ಇಲ್ಲವೆಂದು ತಿಳಿಸಬೇಕು.