ಏಳನೇ ವಿಷಯದ ಹೊತ್ತಿಗೆ ಸಭೆಯಲ್ಲಿ ಎಷ್ಟು ಜನ ಇದ್ದರು?

ಪುರಸಭೆಗಳಲ್ಲಿ ನಡಾವಳಿ ಬರೆಯುವವರಿಗೆ ತರಬೇತಿ ಕೊಡುವಾಗ ಒಂದು ಮಾದರಿ ಪ್ರತಿಯನ್ನು ಕೈಗಿಡುವ ರೂಢಿ ಇದೆ. ಅಂಥದ್ದೊಂದು ಪ್ರತಿ ಈಚೆಗೆ ನನ್ನ ಕೈಗೆ ಬಂತು. ಊರಿನ ಹೆಸರಿಲ್ಲ, ಸದಸ್ಯರಿಗೆ ಹೆಸರಿನ ಬದಲು ‘ಕ’, ‘ಖ’, ‘ಗ’ ಎಂಬ ಗುರುತು. ಆರು ಪುಟ, ಒಂಬತ್ತು ವಿಷಯ. ಮೊದಲ ಮೂರು ಪುಟ ಓದಿದಾಗ ನಡಾವಳಿ ಅಂದರೆ ಹೀಗಿರಬೇಕು ಅನ್ನಿಸಿತು. ನಾಲ್ಕನೇ ಪುಟದಲ್ಲಿ ಅನುಮಾನ ಶುರುವಾಯಿತು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಹಾಜರಾತಿಯನ್ನು ಈ ಮಾದರಿ ಅಚ್ಚುಕಟ್ಟಾಗಿ ಬರೆದಿದೆ. ಚುನಾಯಿತ ಸದಸ್ಯರು ಒಟ್ಟು 23, ಹಾಜರಾದವರು 14. ನಾಮನಿರ್ದೇಶಿತರು ಮೂವರು ಬಂದಿದ್ದರು, ಅವರದು ಬೇರೆ ಪಟ್ಟಿ. ಮುಖ್ಯಾಧಿಕಾರಿ, ಎಂಜಿನಿಯರ್, ಆರೋಗ್ಯ ನಿರೀಕ್ಷಕರು ಮತ್ತೊಂದು ಪಟ್ಟಿಯಲ್ಲಿದ್ದಾರೆ. ಎಷ್ಟೋ ಕಡೆ ಇವರೆಲ್ಲರ ಸಹಿಯೂ ಒಂದೇ ಸಾಲಿನಲ್ಲಿ ಬಿದ್ದಿರುತ್ತದೆ; ಇಪ್ಪತ್ತು ಸಹಿ ನೋಡಿದವನಿಗೆ ಸಭೆ ತುಂಬಿತ್ತು ಅನ್ನಿಸುತ್ತದೆ. ಆದರೆ ಸಂವಿಧಾನದ 243ಆರ್ ವಿಧಿಯ ಪ್ರಕಾರ ವಿಶೇಷ ಜ್ಞಾನವಿದೆಯೆಂದು ನಾಮಕರಣಗೊಂಡವರು ಸಭೆಯಲ್ಲಿ ಕೂರಬಹುದು, ಮಾತಾಡಬಹುದು, ಮತ ಹಾಕುವಂತಿಲ್ಲ. ಹಾಗಾಗಿ ಪಟ್ಟಿ ಬೇರೆಯಾಗಿದ್ದರೆ ಮಾತ್ರ ಮತದ ಲೆಕ್ಕ ತಾಳೆಯಾಗುತ್ತದೆ.

ಕೋರಂ ಮೂರನೇ ಒಂದು ಭಾಗ ಎಂದು ಹಿಡಿದು ‘ಬೇಕಾದ ಸಂಖ್ಯೆ 8’ ಎಂದು ಮಾದರಿ ಬರೆದಿದೆ. 23ನ್ನು ಮೂರರಿಂದ ಭಾಗಿಸಿದರೆ ಏಳು ಚಿಲ್ಲರೆ ಬರುತ್ತದೆ; ಚಿಲ್ಲರೆಯನ್ನು ಮೇಲಕ್ಕೆ ಏರಿಸಿದ್ದು ಸರಿ. ಆದರೆ ಶಾಸಕರು, ಸಂಸದರೂ ಪುರಸಭೆಯ ಸದಸ್ಯರೇ. ಅವರನ್ನು ಸೇರಿಸಿದರೆ ಒಟ್ಟು 25, ಬೇಕಾದದ್ದು 9 ಆಗುತ್ತದೆ. ಯಾವ ಒಟ್ಟಿನ ಮೇಲೆ ಲೆಕ್ಕ ಹಾಕಿದ್ದೇವೆ ಎಂದು ಅರ್ಧ ಸಾಲು ಬರೆದಿದ್ದರೆ ಆಗುತ್ತಿತ್ತು, ಬರೆದಿಲ್ಲ. ಇದು ಸಣ್ಣ ಕೊರತೆ.

ದೊಡ್ಡ ಕೊರತೆ ಬೇರೆಯೇ ಇದೆ. ಕೋರಂ ಇತ್ತು ಎಂಬ ಮಾತು ಸಭೆ ಶುರುವಾದ 11.20ಕ್ಕೆ ಒಮ್ಮೆ ಬರುತ್ತದೆ, ಆಮೇಲೆ ಸುದ್ದಿಯಿಲ್ಲ. ಕೋರಂ ಬಾಗಿಲಲ್ಲಿ ತೋರಿಸಿ ಒಳಗೆ ಹೋಗುವ ಟಿಕೇಟಲ್ಲ. ನಿರ್ಣಯ ಆಗುವ ಗಳಿಗೆಯಲ್ಲಿ ಅಷ್ಟು ಜನ ಕುರ್ಚಿಯಲ್ಲಿ ಇರಬೇಕು. ಪುರಸಭೆ ಸಭೆಗಳನ್ನು ನೋಡಿದವರಿಗೆ ಗೊತ್ತು: ಪುಸ್ತಕಕ್ಕೆ ಸಹಿ ಬಿದ್ದ ಮೇಲೆ ಕೆಲವರಿಗೆ ಮದುವೆ ಇರುತ್ತದೆ, ಕೆಲವರಿಗೆ ತಮ್ಮ ವಾರ್ಡಿನ ವಿಷಯ ಮುಗಿದಿರುತ್ತದೆ, ಕೆಲವರು ಸಭಾತ್ಯಾಗ ಮಾಡಿರುತ್ತಾರೆ. ಸಹಿ ಮಾತ್ರ ಪುಸ್ತಕದಲ್ಲೇ ಕೂತಿರುತ್ತದೆ.

ಈಗ ನಾಲ್ಕನೇ ಪುಟಕ್ಕೆ ಬರೋಣ. ವಿಷಯ ಸಂಖ್ಯೆ 7: ಹಳೇ ಬಸ್ ನಿಲ್ದಾಣದ 12 ಮಳಿಗೆಗಳ ಗುತ್ತಿಗೆ ಅವಧಿ ಮುಗಿದಿದೆ, ಹರಾಜು ಮಾಡದೆ ಈಗಿರುವವರಿಗೇ ಮುಂದುವರಿಸುವ ಬಗ್ಗೆ. ಇದರ ಕೆಳಗೆ ಇರುವುದು ಇಷ್ಟೇ: “ಸುದೀರ್ಘವಾಗಿ ಚರ್ಚಿಸಲಾಯಿತು. ಪರ 6, ವಿರೋಧ 1. ಬಹುಮತದಿಂದ ಅಂಗೀಕರಿಸಿ, ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು. ಸದಸ್ಯ ‘ಕ’ ಅವರು ಭಿನ್ನಾಭಿಪ್ರಾಯ ವ್ಯಕ್ತಪಡಿಸಿದ್ದನ್ನು ದಾಖಲಿಸಿದೆ.”

ಆರು ಮತ್ತು ಒಂದು ಏಳು. ಬೆಳಿಗ್ಗೆ ಸಹಿ ಹಾಕಿದವರು 14. ಉಳಿದ ಏಳು ಮಂದಿ ಏನಾದರು? ಕೂತಲ್ಲೇ ತಟಸ್ಥರಾಗಿದ್ದರೆ ಸಭೆಯಲ್ಲಿ 14 ಜನ ಇದ್ದಂತೆ, ನಿರ್ಣಯಕ್ಕೆ ತೊಂದರೆಯಿಲ್ಲ. ಎದ್ದು ಹೋಗಿದ್ದರೆ ಉಳಿದವರು ಏಳೇ ಜನ. ಮಾದರಿ ತಾನೇ ಬರೆದುಕೊಂಡ 8ಕ್ಕೂ ಒಂದು ಕಡಿಮೆ. ಆಗ ಆರು ಮತದ ಬಹುಮತಕ್ಕೆ ಬೆಲೆಯೇ ಇಲ್ಲ, ಸಭೆಯನ್ನೇ ಮುಂದೂಡಬೇಕಿತ್ತು. ಎರಡರಲ್ಲಿ ಯಾವುದು ನಡೆಯಿತು ಎಂಬುದು ಈ ಪುಟದಿಂದ ತಿಳಿಯುವುದಿಲ್ಲ. ಹಿಂದಿನ ಆರು ವಿಷಯಗಳಲ್ಲಿ ಮತಗಳನ್ನು ಕೂಡಿದರೆ ಪ್ರತಿಸಲವೂ 13 ಅಥವಾ 14 ಬರುತ್ತದೆ. ಏಳಕ್ಕೆ ಬಂದಾಗ ಅರ್ಧಕ್ಕೆ ಇಳಿದಿದೆ. ನಡಾವಳಿಯನ್ನು ಪರೀಕ್ಷಿಸುವವರು ಮೊದಲು ಮಾಡಬೇಕಾದ ಕೆಲಸವೇ ಇದು: ಪ್ರತಿ ವಿಷಯದ ಪರ, ವಿರೋಧ, ತಟಸ್ಥ ಮೂರನ್ನೂ ಕೂಡಿ ಹಾಜರಾತಿಯ ಪಕ್ಕ ಇಟ್ಟು ನೋಡುವುದು. ತಟಸ್ಥರ ಅಂಕಣವೇ ಇಲ್ಲದ ಮಾದರಿಯಲ್ಲಿ ಈ ಪರೀಕ್ಷೆ ಅರ್ಧಕ್ಕೇ ನಿಲ್ಲುತ್ತದೆ.

ಇನ್ನು ‘ಕ’ ಅವರ ಭಿನ್ನಾಭಿಪ್ರಾಯ. ಅದನ್ನು ಬರೆದದ್ದಕ್ಕೇ ಮೆಚ್ಚಬೇಕೇನೋ. ಯಾಕೆಂದರೆ ನಮ್ಮ ನಡಾವಳಿ ಪುಸ್ತಕಗಳಲ್ಲಿ ಸಭೆ ಗದ್ದಲದಲ್ಲಿ ಮುಳುಗಿದ್ದ ದಿನವೂ ‘ಸರ್ವಾನುಮತದಿಂದ’ ಎಂಬ ಪದ ತಾನಾಗಿ ಬಂದು ಕೂರುತ್ತದೆ. ಆದರೆ ಇಲ್ಲಿ ಬರೆದಿರುವುದು ವಿರೋಧ ಇತ್ತು ಎಂಬುದನ್ನಷ್ಟೇ, ಏಕೆ ಎಂಬುದನ್ನಲ್ಲ. ಹರಾಜು ಹಾಕದೆ ಕೊಟ್ಟದ್ದಕ್ಕೆ ವಿರೋಧವೇ, ಬಾಡಿಗೆ ಕಡಿಮೆಯಾಯಿತೆಂದೇ, ಹಳೇ ಬಾಕಿ ವಸೂಲಾಗಿಲ್ಲವೆಂದೇ? ಕರ್ನಾಟಕ ಪುರಸಭೆಗಳ ಅಧಿನಿಯಮ 1964ರ 306ನೇ ಪ್ರಕರಣದಲ್ಲಿ ಪುರಸಭೆಯ ನಿರ್ಣಯ ಜಾರಿಯಾಗದಂತೆ ತಡೆಯುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಕಡತ ಅವರ ಮೇಜಿಗೆ ಹೋದಾಗ ಕಾರಣವಿಲ್ಲದ ವಿರೋಧ ಬರೀ ಮುನಿಸಿನಂತೆ ಕಾಣುತ್ತದೆ. ಮುಂದೆಂದೋ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದರೂ ‘ಕ’ ಅವರ ಪರವಾಗಿ ಮಾತಾಡುವುದು ಈ ಒಂದು ಸಾಲು ಮಾತ್ರ. ಅದೋ ಮೂಕ.

ಹಾಗೆಂದು ‘ಕ’ ಆಡಿದ್ದನ್ನೆಲ್ಲ ಬರೆಯಬೇಕಿಲ್ಲ. ಅರ್ಧ ಗಂಟೆಯ ಭಾಷಣ ನಡಾವಳಿಗೆ ಬೇಡ, ಬೈಗುಳವಂತೂ ಬೇಡವೇ ಬೇಡ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

“ಮಧ್ಯಾಹ್ನ 1.40. ಸದಸ್ಯರ ಎಣಿಕೆ ಮಾಡಲಾಯಿತು. ಮತದ ಹಕ್ಕುಳ್ಳವರು 10 ಮಂದಿ ಹಾಜರಿದ್ದು ಕೋರಂ ಇದೆ. ಸೂಚಕರು ‘ಗ’, ಅನುಮೋದಕರು ‘ಚ’. ಪರ 6, ವಿರೋಧ 1, ತಟಸ್ಥ 3. ವಿರೋಧಿಸಿದ ಸದಸ್ಯ ‘ಕ’ ನೀಡಿದ ಕಾರಣ: ಗುತ್ತಿಗೆ ಮುಗಿದ ಮಳಿಗೆಗಳನ್ನು ಬಹಿರಂಗ ಹರಾಜಿಲ್ಲದೆ ಕೊಡಬಾರದು, ಮಳಿಗೆ 4 ಮತ್ತು 9ರ ಬಾಡಿಗೆ ಬಾಕಿ ಇದೆ. ಕಾರಣವನ್ನು ಅವರಿಗೆ ಓದಿ ಹೇಳಲಾಯಿತು, ಅವರು ಒಪ್ಪಿದರು.”

ಹತ್ತು ಜನ ಎಂದು ನಾನು ಬರೆದದ್ದು ಊಹೆ. ಆ ಸಂಖ್ಯೆಯನ್ನು ಯಾರೂ ಊಹಿಸಬೇಕಾಗಿ ಬರಬಾರದು ಎಂಬುದೇ ನನ್ನ ತಕರಾರು. ಕೊನೆಯ ವಾಕ್ಯ ಅತಿಯಾಯಿತು ಎಂದು ಕೆಲವರಿಗೆ ಅನ್ನಿಸಬಹುದು. ಮುಂದಿನ ಸಭೆಯಲ್ಲಿ ನಡಾವಳಿ ದೃಢೀಕರಿಸುವಾಗ “ನಾನು ಹಾಗೆ ಹೇಳಲೇ ಇಲ್ಲ” ಎಂಬ ಜಗಳ ಕೇಳಿದವರಿಗೆ ಅನ್ನಿಸಲಾರದು.

ನಿರ್ಣಯದ ಭಾಷೆಯಲ್ಲೂ ಇದೇ ಏರುಪೇರು. ಮೂರನೇ ವಿಷಯ ಕೊಳವೆಬಾವಿಯ ಮೋಟಾರು ದುರಸ್ತಿ. ಅಲ್ಲಿ ಮೊತ್ತ, ಯಾವ ಲೆಕ್ಕಶೀರ್ಷಿಕೆಯಿಂದ ಖರ್ಚು, ಯಾವ ತಾರೀಕಿನೊಳಗೆ, ಯಾರು ಮಾಡಿಸಬೇಕು ಎಲ್ಲವೂ ಇದೆ. ಸಭೆಗೆ ಬಾರದವನೂ ಓದಿ ಕೆಲಸ ಶುರುಮಾಡಬಹುದು. ಏಳರಲ್ಲಿ ‘ಸೂಕ್ತ ಕ್ರಮ’. ಎಷ್ಟು ವರ್ಷಕ್ಕೆ, ಎಷ್ಟು ಬಾಡಿಗೆಗೆ ಎಂಬುದನ್ನು ಸಭೆ ತೀರ್ಮಾನಿಸಿತೋ, ಆಮೇಲೆ ಕೋಣೆಯಲ್ಲಿ ಯಾರೋ ತುಂಬಿಕೊಳ್ಳಲಿ ಎಂದು ಬಿಟ್ಟಿತೋ? ಮೋಟಾರಿಗೆ ಕೊಟ್ಟ ಗಮನವನ್ನು ಪುರಸಭೆಯ ಆಸ್ತಿಗೆ ಕೊಟ್ಟಿಲ್ಲ. ಅದೂ ಸಾಲದೆಂಬಂತೆ ಏಳನೇ ವಿಷಯದ ಕೆಳಗೆ ಕಾಲು ಪುಟ ಖಾಲಿ ಬಿಟ್ಟು ಎಂಟನೇ ವಿಷಯ ಹೊಸ ಪುಟದಿಂದ ಶುರುವಾಗಿದೆ. ಮಾದರಿ ಮಾಡಿದವರಿಗೆ ಅದು ಅಂದ ಕಂಡಿರಬಹುದು. ನಡಾವಳಿ ಪುಸ್ತಕದಲ್ಲಿ ಖಾಲಿ ಜಾಗ ಅಂದರೆ ಸಭೆ ಮುಗಿದ ಮೇಲೂ ನಿರ್ಣಯ ಬರೆಯಲು ಸಿಗುವ ಜಾಗ. ಅಲ್ಲಿ ಅಡ್ಡಗೆರೆ ಎಳೆದು ಅಧ್ಯಕ್ಷರ ಸಹಿ ಹಾಕಿಸಬೇಕು.

ತರಬೇತಿಯಲ್ಲಿ ಈ ಪ್ರತಿ ಸಿಕ್ಕವರು ಮೊದಲ ಮೂರು ಪುಟವನ್ನು ಕಣ್ಣುಮುಚ್ಚಿ ನಕಲು ಮಾಡಿಕೊಳ್ಳಬಹುದು. ನಾಲ್ಕನೇ ಪುಟವನ್ನು ತಮ್ಮ ಕಚೇರಿಗೆ ಒಯ್ಯದಿರಲಿ.