ವಡಾ ಪಾವ್‌ಗೆ ಒಂದೇ ಅಂಕಿ ಸಾಕೆ?

ದಾದರ್ ಸ್ಟೇಷನ್ನಿನ ಹೊರಗೆ ಗಾಡಿಯವನು ಪಾವ್ ಸೀಳಿ, ಒಳಗೆ ಕೆಂಪು ಸುಖಾ ಚಟ್ನಿ ಉದುರಿಸಿ, ವಡಾ ಇಟ್ಟು ಒಮ್ಮೆ ಅಮುಕಿ ಕೈಗೆ ಕೊಡುವುದಕ್ಕೆ ಹತ್ತು ಸೆಕೆಂಡ್ ಸಾಕು. ಅದನ್ನು ಮೊಬೈಲಿನ ಆ್ಯಪ್‌ನಲ್ಲಿ ಬರೆದಿಡಲು ಹೋದರೆ ಮಾತ್ರ ತಲೆ ಕೆಡುತ್ತದೆ. ‘ವಡಾ ಪಾವ್, 1’ ಎಂಬ ಒಂದೇ ಹೆಸರಿನ ಮುಂದೆ ಒಂದು ಕಡೆ ಇನ್ನೂರರ ಆಸುಪಾಸು, ಇನ್ನೊಂದು ಕಡೆ ನಾಲ್ಕುನೂರರ ಹತ್ತಿರ ಕ್ಯಾಲೊರಿ. ಯಾವುದು ಸರಿ ಎಂದು ಕೇಳುವುದಕ್ಕಿಂತ, ‘ಒಂದು’ ಎಂದರೆ ಎಷ್ಟು ಗ್ರಾಂ ಎಂದು ಕೇಳಬೇಕಿತ್ತು. ಅದನ್ನು ಹೇಳದ ಅಂಕಿಗೆ ಬೆಲೆಯಿಲ್ಲ ಎಂಬುದು ನನ್ನ ತಕರಾರು.

ಒಂದು ಭಾನುವಾರ ಅಡುಗೆಮನೆಯ ಪುಟ್ಟ ತಕ್ಕಡಿ ಇಟ್ಟುಕೊಂಡು ಆರು ವಡಾ ಮಾಡಿದೆ. ಗಾಡಿಯ ವಡಾ ಎಷ್ಟು ದಪ್ಪವೋ ಅಷ್ಟೇ. ಒಂದೊಂದರಲ್ಲೂ 50 ಗ್ರಾಂ ಬೆಂದ ಆಲೂಗಡ್ಡೆ, 12 ಗ್ರಾಂ ಕಡಲೆಹಿಟ್ಟು, ಒಗ್ಗರಣೆಗೆ ಒಂದು ಗ್ರಾಂ ಎಣ್ಣೆ, ಉಳಿದದ್ದು ಹಿಟ್ಟು ಕಲಸಿದ ನೀರು. ಕರಿಯುವ ಮುಂಚೆ ತೂಗಿದಾಗ 82 ಗ್ರಾಂ, ಕರಿದ ಮೇಲೆ 80. ಇಲ್ಲೇ ಎಲ್ಲರೂ ಮೋಸ ಹೋಗುವುದು. ತೂಕ ಇಳಿದಿದೆಯಲ್ಲ, ಎಣ್ಣೆ ಹೀರಿಯೇ ಇಲ್ಲ ಅನ್ನಿಸುತ್ತದೆ. ನಿಜವಾಗಿ ಸುಮಾರು 10 ಗ್ರಾಂ ನೀರು ಹಬೆಯಾಗಿ ಹೋಗಿ, ಆ ಜಾಗಕ್ಕೆ ಎಣ್ಣೆ ಬಂದು ಕೂತಿರುತ್ತದೆ. ಹಾಗಾಗಿ ವಡಾ ತೂಗಿ ಪ್ರಯೋಜನವಿಲ್ಲ, ಬಾಣಲೆಯ ಎಣ್ಣೆ ತೂಗಬೇಕು. 500 ಗ್ರಾಂ ಹಾಕಿದ್ದೆ. ಜಾಲರಿಯಿಂದ ಬಸಿದದ್ದನ್ನೂ ಸೇರಿಸಿ ಉಳಿದದ್ದು 452. ಅಂದರೆ ವಡಾಕ್ಕೆ 8 ಗ್ರಾಂ. ಎಣ್ಣೆ ಗ್ರಾಮಿಗೆ 9 ಕ್ಯಾಲೊರಿ, ಆ ಲೆಕ್ಕದಲ್ಲಿ 72. ಆಲೂಗಡ್ಡೆಯದು 45, ಹಿಟ್ಟಿನದೂ ಸುಮಾರು ಅಷ್ಟೇ, ಒಗ್ಗರಣೆಯದು 9. ಎಲ್ಲ ಕೂಡಿದರೆ ಒಂದು ವಡಾಕ್ಕೆ 170ರಷ್ಟು.

ಈ ಎಂಟು ಗ್ರಾಂ ಕೂಡ ನನ್ನ ಬಾಣಲೆಯ ಲೆಕ್ಕ ಅಷ್ಟೇ. ಎಣ್ಣೆ ಸರಿಯಾಗಿ ಕಾಯದಿದ್ದರೆ ಹೊರಪದರ ಬೇಗ ಗಟ್ಟಿಯಾಗುವುದಿಲ್ಲ, ವಡಾ ಹೆಚ್ಚು ಹೊತ್ತು ಬಾಣಲೆಯಲ್ಲಿ ಉಳಿಯುತ್ತದೆ. ಸೋಡಾ ಜಾಸ್ತಿಯಾದರೆ ಪದರ ಸ್ಪಂಜಿನಂತಾಗುತ್ತದೆ. ಮೇಲಾಗಿ ವಡಾ ಎಣ್ಣೆ ಕುಡಿಯುವುದು ಬಹುಪಾಲು ಬಾಣಲೆಯಿಂದ ತೆಗೆದ ಮೇಲೆ. ಒಳಗಿನ ಹಬೆ ತಣಿಯುತ್ತಿದ್ದಂತೆ ಮೈಗಂಟಿದ ಎಣ್ಣೆ ಒಳಕ್ಕೆ ಸೇದಿಕೊಳ್ಳುತ್ತದೆ. ಜಾರಾದಿಂದ ಒಮ್ಮೆ ಕೊಡವಿ ಜಾಲರಿಯ ಮೇಲೆ ಹಾಕುವವನ ವಡಾಕ್ಕೂ, ಎತ್ತಿದ ಕೂಡಲೇ ಪರಾತದಲ್ಲಿ ಗುಡ್ಡೆ ಹಾಕುವವನ ವಡಾಕ್ಕೂ ವ್ಯತ್ಯಾಸ ಆಗುವುದು ಇಲ್ಲೇ. ಕಚ್ಚಿದ ಕಡೆ ಹೊರಪದರದ ಒಳಮೈ ಹೊಳೆಯುತ್ತಿದ್ದರೆ ಎಂಟು ಗ್ರಾಂ ಮೀರಿದೆ ಎಂದೇ ಲೆಕ್ಕ.

ಬೈಗುಳವೆಲ್ಲ ವಡಾದ ಪಾಲಿಗೆ, ಪಾವನ್ನು ಯಾರೂ ಕೇಳುವುದಿಲ್ಲ. ಬೆಳ್ಳಗೆ, ಹಗುರವಾಗಿ ಇರುತ್ತದಲ್ಲ. 45 ಗ್ರಾಮಿನ ಒಂದು ಪಾವ್ ಸುಮಾರು 125 ಕ್ಯಾಲೊರಿ, ಇಡೀ ತಿಂಡಿಯ ಮೂರರಲ್ಲೊಂದಕ್ಕಿಂತ ಹೆಚ್ಚು. ಅದನ್ನು ಕಾವಲಿಯ ಮೇಲೆ ಹತ್ತು ಗ್ರಾಂ ಬೆಣ್ಣೆಯಲ್ಲಿ ಹೊರಳಿಸಿದರೆ ಇನ್ನೂ 70 ಸೇರುತ್ತದೆ, ಅಂದರೆ ವಡಾ ಕುಡಿದ ಎಣ್ಣೆಯಷ್ಟೇ.

ಚಟ್ನಿಯ ವಿಷಯದಲ್ಲಿ ಜನರ ಅಂದಾಜು ಪೂರ್ತಿ ತಲೆಕೆಳಗು. ಕೊತ್ತಂಬರಿ, ಹಸಿಮೆಣಸಿನ ಹಸಿರು ಚಟ್ನಿ ಹೆಚ್ಚಾಯಿತೇನೋ ಎಂದು ಹೆದರುತ್ತಾರೆ. ಅದು ಬಹುಪಾಲು ನೀರು, ಚಮಚಕ್ಕೆ ಐದು ಕ್ಯಾಲೊರಿಯೂ ಕಷ್ಟ. ಸುಖಾ ಚಟ್ನಿ ಹಾಗಲ್ಲ. ಅದರಲ್ಲಿ ಬೆಳ್ಳುಳ್ಳಿ, ಮೆಣಸಿನಪುಡಿಯ ಜೊತೆ ಒಣಕೊಬ್ಬರಿ, ಎಷ್ಟೋ ಕಡೆ ಶೇಂಗಾ ಕೂಡ ಇರುತ್ತದೆ. ನೋಡಲು ಪುಡಿ, ಒಳಗೆಲ್ಲ ಜಿಡ್ಡು. ಗ್ರಾಮಿಗೆ ಹೆಚ್ಚುಕಮ್ಮಿ ಐದು ಕ್ಯಾಲೊರಿ, ಹತ್ತು ಗ್ರಾಂ ಉದುರಿಸಿದರೆ 50. ಅಲ್ಲಿಗೆ ನನ್ನ ವಡಾ ಪಾವ್ 350ರ ಹತ್ತಿರ ನಿಂತಿತು.

ಸಮೋಸಾ ತೂಗಿದ ದಿನ ನನಗೇ ಆಶ್ಚರ್ಯವಾಯಿತು. ಕೈತುಂಬ ಬರುವ ಒಂದು ಸಮೋಸಾಕ್ಕೆ 35 ಗ್ರಾಂ ಮೈದಾ ಬೇಕು. ಅದು ಗರಿಗರಿಯಾಗಲು ಕಲಸುವಾಗಲೇ ಆರು ಗ್ರಾಂ ಎಣ್ಣೆಯೋ ಡಾಲ್ಡಾವೋ ಬೀಳುತ್ತದೆ. ಈ ಜಿಡ್ಡು ಕಾಗದಕ್ಕೆ ಅಂಟುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಸಣ್ಣ ಉರಿಯಲ್ಲಿ ಕರಿಯುವಾಗ ಒಳಸೇರುವುದು ಇನ್ನೊಂಬತ್ತು ಗ್ರಾಂ. ಹೂರಣ ಸೇರಿಸಿ ಕೂಡಿದರೆ 295, ಅಂದರೆ ಚಟ್ನಿ ಬಿಟ್ಟು ಪಾವ್ ಸಮೇತ ವಡಾದಷ್ಟೇ. ‘ಬ್ರೆಡ್ಡು ಬೇಡಪ್ಪ, ಸಮೋಸಾ ಸಾಕು’ ಎನ್ನುವ ನಮ್ಮ ಆಫೀಸಿನ ಗೆಳೆಯರಿಗೆ ಇದನ್ನು ಹೇಳಿ ನೋಡಿದೆ, ನಂಬಲಿಲ್ಲ. ಅದರ ಮೇಲೆ ಹುಣಸೆ-ಬೆಲ್ಲದ ಚಟ್ನಿ ಇಪ್ಪತ್ತು ಗ್ರಾಂ ಸುರಿದುಕೊಂಡರೆ ಇನ್ನೂ 40.

ಇಷ್ಟು ತಿಳಿದ ಮೇಲೆ ಗಾಡಿಯವನಿಗೆ ‘ಸುಖಾ ಥೋಡಿ ಕಮಿ’ ಎಂದೆ. ಕಮಿ ಮಾಡಿದ. ಪಾಪ, ಗಿರಾಕಿಗೆ ನಷ್ಟವಾಯಿತೆಂದುಕೊಂಡನೋ ಏನೋ, ಬಾಣಲೆಯಲ್ಲಿ ತೇಲುತ್ತಿದ್ದ ಕಡಲೆಹಿಟ್ಟಿನ ಚೂರಾ ಒಂದು ಹಿಡಿ ಎತ್ತಿ ಕಾಗದದ ಮೇಲೆ ಪುಕ್ಕಟೆ ಹಾಕಿಕೊಟ್ಟ.