ಒಲ್ಲೆ ಎಂದ ಮೇಲೆ ಬರೆಯಬೇಕಾದದ್ದು

ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯೊಂದರ ಕ್ಲಿನಿಕಲ್ ಟ್ರಯಲ್‌ಗೆ ರೋಗಿಗಳನ್ನು ಸೇರಿಸಿಕೊಳ್ಳಬೇಕಿದ್ದ ಬೆಂಗಳೂರಿನ ಆಸ್ಪತ್ರೆಯೊಂದು ತನ್ನ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರಲು ಅನುವಾದಕಿಯೊಬ್ಬರಿಗೆ ಕಳಿಸಿತು. 22 ಪುಟ, ಐದು ದಿನದ ಗಡುವು. ಅವರು ಬಹುಕಾಲದಿಂದ ಕ್ರಯಪತ್ರ, ಬಾಡಿಗೆ ಕರಾರು, ನ್ಯಾಯಾಲಯದ ತೀರ್ಪುಗಳನ್ನು ಅನುವಾದಿಸಿಕೊಂಡು ಬಂದವರು. ಕಡತ ಓದಿ, ಅಂದೇ ಸಂಜೆ ಕೆಲಸ ಒಲ್ಲೆನೆಂದು ಆಸ್ಪತ್ರೆಯ ಟ್ರಯಲ್ ಕೋಆರ್ಡಿನೇಟರ್‌ಗೆ ಇಮೇಲ್ ಬರೆದರು. ಹೆಸರು, ಗುರುತುಗಳನ್ನೆಲ್ಲ ತೆಗೆದು ಆ ಇಮೇಲನ್ನು ನನಗೆ ಓದಲು ಕೊಟ್ಟಿದ್ದಾರೆ. ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣದ ಗುಣಗಳು ಇದರಲ್ಲಿವೆ. ಆದರೆ ಎರಡು ಕಡೆ ಇದು ಎಡವುತ್ತದೆ, ಆ ಎರಡೂ ಸಣ್ಣವಲ್ಲ.

ಮೊದಲ ವಾಕ್ಯದಲ್ಲೇ ತೀರ್ಮಾನವಿದೆ: ‘ಈ ಒಪ್ಪಿಗೆ ಪತ್ರದ ಅನುವಾದವನ್ನು ನಾನು ಒಪ್ಪಿಕೊಳ್ಳಲಾರೆ, ವೈದ್ಯಕೀಯ ಸಂಶೋಧನೆ ನನ್ನ ವಿಷಯವಲ್ಲ.’ ಹೆಚ್ಚಿನವರು ಇಲ್ಲಿ ‘ಸದ್ಯ ಕೆಲಸದ ಒತ್ತಡವಿದೆ’ ಎಂದು ಬರೆಯುತ್ತಾರೆ. ಕೇಳಲು ಸೌಜನ್ಯದ ಮಾತು, ಆದರೆ ಅದರಿಂದ ಕೆಲಸ ಕೊಟ್ಟವರಿಗೆ ತಪ್ಪು ಸುದ್ದಿ ಹೋಗುತ್ತದೆ. ಒತ್ತಡ ಇಲ್ಲದ ಇನ್ನೊಬ್ಬ ಕಾನೂನು ಅನುವಾದಕರು ಸಿಕ್ಕರೆ ಸಾಕು ಎಂದುಕೊಂಡು ಅವರು ಅದೇ ತಪ್ಪನ್ನು ಇನ್ನೊಂದು ವಿಳಾಸಕ್ಕೆ ಕಳಿಸುತ್ತಾರೆ. ಅಂತರರಾಷ್ಟ್ರೀಯ ಅನುವಾದಕರ ಒಕ್ಕೂಟ 1963ರಲ್ಲಿ ದುಬ್ರೊವ್ನಿಕ್‌ನಲ್ಲಿ ಒಪ್ಪಿದ ಸನ್ನದು, ತನ್ನ ಸಾಮರ್ಥ್ಯಕ್ಕೆ ಮೀರಿದ ಕ್ಷೇತ್ರದ ಕೆಲಸವನ್ನು ಅನುವಾದಕ ಕೈಗೆತ್ತಿಕೊಳ್ಳಬಾರದು ಎಂದು ಹೇಳುತ್ತದೆ. ಆದರೆ ಕೈಬಿಟ್ಟ ಕೆಲಸ ಯಾರ ಕೈಗೆ ಹೋಗಬೇಕು ಎಂಬುದನ್ನು ಪತ್ರವೇ ಹೇಳಬೇಕು.

ಈ ಕೆಲಸ ಇವರ ಬಳಿಗೇ ಯಾಕೆ ಬಂತು ಎಂಬುದನ್ನು ಅವರು ಗುರುತಿಸಿರುವುದು ನನಗೆ ಪತ್ರದ ಅತ್ಯುತ್ತಮ ಭಾಗವಾಗಿ ಕಂಡಿತು. ‘ಕೊನೆಯಲ್ಲಿ ಸಹಿ, ಸಾಕ್ಷಿ, ದಿನಾಂಕ ಇರುವುದರಿಂದ ಇದು ಕರಾರುಪತ್ರದಂತೆ ಕಂಡಿರಬಹುದು. ಪರಿಹಾರ ಧನದ ಎರಡು ಪುಟ ನನಗೆ ಅರ್ಥವಾಗುತ್ತವೆ. ಉಳಿದದ್ದರಲ್ಲಿ ನಾನು ಊಹಿಸಬೇಕಾಗುತ್ತದೆ.’ ನಮ್ಮ ದೇಶದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಧನದ ವಿವರ, ನಾಮಿನಿಯ ಹೆಸರು ಇವೆಲ್ಲ ಒಪ್ಪಿಗೆ ಪತ್ರದಲ್ಲಿರಬೇಕು. ಹಾಗಾಗಿ ಮೇಲುನೋಟಕ್ಕೆ ಅದು ವಕೀಲರ ಕಾಗದದ ಹಾಗೆ ಕಾಣುವುದು ಸಹಜ. ಆದರೆ ಕರಾರು ಇಬ್ಬರನ್ನು ಕಟ್ಟಿಹಾಕುತ್ತದೆ. ಈ ಪತ್ರಕ್ಕೆ ಸಹಿ ಹಾಕಿದ ರೋಗಿ ಯಾವ ದಿನ ಬೇಕಾದರೂ ಕಾರಣ ಹೇಳದೆ ಪ್ರಯೋಗದಿಂದ ಹೊರಗೆ ಬರಬಹುದು. ಕರಾರಿನ ದನಿಯಲ್ಲೇ ಇದನ್ನು ಕನ್ನಡಿಸಿದರೆ, ‘ಪಾಲ್ಗೊಳ್ಳುವವರು ಈ ಕೆಳಗಿನವುಗಳಿಗೆ ಬದ್ಧರಾಗಿರತಕ್ಕದ್ದು’ ಎಂಬಂಥ ಸಾಲುಗಳು ನುಸುಳುತ್ತವೆ. ಓದಿಸಿಕೊಂಡ ಹಳ್ಳಿಯ ಮುದುಕರು ಮಧ್ಯದಲ್ಲಿ ಬಿಟ್ಟರೆ ಕೇಸಾಗುತ್ತದೆಂದು ಹೆದರುತ್ತಾರೆ.

ಊಹಿಸಬೇಕಾಗುತ್ತದೆ ಎಂದು ಹೇಳಿ ಅವರು ಅಷ್ಟಕ್ಕೇ ಬಿಟ್ಟಿಲ್ಲ. ಮೂರು ಜಾಗಗಳನ್ನು ಪುಟದ ಸಮೇತ ತೋರಿಸಿದ್ದಾರೆ: ಯಾರಿಗೆ ಔಷಧ, ಯಾರಿಗೆ ಔಷಧವಿಲ್ಲದ ಮಾತ್ರೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಪ್ಯಾರಾ, ಮೊದಲಿದ್ದ ಮಾತ್ರೆಯನ್ನು ಕೆಲವು ವಾರ ನಿಲ್ಲಿಸಿ ಮೈಯಿಂದ ಅದರ ಪ್ರಭಾವ ಹೋಗಲು ಬಿಡುವ ಅವಧಿ, ಅಡ್ಡಪರಿಣಾಮಗಳನ್ನು ಎಷ್ಟು ಜನರಲ್ಲಿ ಕಂಡವು ಎಂಬ ಲೆಕ್ಕದ ಮೇಲೆ ಗುಂಪು ಮಾಡಿದ ಪಟ್ಟಿ. ಎರಡನೆಯದನ್ನೇ ನೋಡಿ. ಸಕ್ಕರೆ ಕಾಯಿಲೆಯವರಿಗೆ ಇದ್ದ ಮಾತ್ರೆ ನಿಲ್ಲುತ್ತದೆ ಎಂಬುದು ದೊಡ್ಡ ಸಂಗತಿ. ವಿಷಯ ಗೊತ್ತಿಲ್ಲದ ಅನುವಾದಕರು ಅದನ್ನು ‘ಶುದ್ಧೀಕರಣ ಅವಧಿ’ ಎಂದು ಬರೆದು ಮುಂದೆ ಹೋಗಬಹುದು. ಕೇಳಿದವರಿಗೆ ಅದೊಂದು ಚಿಕಿತ್ಸೆಯೇ ಎನಿಸೀತು. ಆ ವಾರಗಳಲ್ಲಿ ಸಕ್ಕರೆ ಏರಬಹುದು, ಏರಿದರೆ ಯಾರಿಗೆ ಫೋನ್ ಮಾಡಬೇಕು ಎಂಬ ಎಚ್ಚರ ಮೂಡುವುದಿಲ್ಲ. ಜಾಗ ಹೀಗೆ ತೋರಿಸಿದ್ದರಿಂದ ಕೋಆರ್ಡಿನೇಟರ್‌ಗೆ ಒಂದು ಸಾಧನವೂ ಸಿಕ್ಕಿತು. ಮುಂದೆ ಯಾರನ್ನು ಕೇಳಿದರೂ ಈ ಮೂರು ಪ್ಯಾರಾಗಳನ್ನೇ ಮಾದರಿಗೆ ಕೊಟ್ಟು ನೋಡಬಹುದು. ಪತ್ರ ಅದನ್ನೇ ಸಲಹೆ ಮಾಡುತ್ತದೆ.

ತಮಗೆ ಗೊತ್ತಿರುವ ಎರಡು ಪುಟಗಳನ್ನಾದರೂ ಮಾಡಿಕೊಡುತ್ತೇನೆ ಎಂದು ಅವರು ಹೇಳದಿರುವುದು ಸರಿಯಾದ ನಿರ್ಧಾರ. ಪರಿಹಾರದ ಭಾಗದಲ್ಲಿ ಬರುವ ‘ಹಾನಿ’ಯೂ ಅಡ್ಡಪರಿಣಾಮದ ಭಾಗದಲ್ಲಿ ಬರುವ ‘ತೊಂದರೆ’ಯೂ ಒಂದೇ ಘಟನೆಯನ್ನು ಸೂಚಿಸಬಹುದು. ಇಬ್ಬರು ಎರಡು ಕಡೆ ಕೂತು ಎರಡು ಹೆಸರು ಕೊಟ್ಟರೆ, ಅವೆರಡೂ ಬೇರೆಬೇರೆ ಎಂದೇ ರೋಗಿ ತಿಳಿಯುತ್ತಾರೆ.

ಮುಂದಿನ ದಾರಿಯ ಬಗ್ಗೆ ಪತ್ರ ಹೇಳುವುದು ಸ್ಥೂಲವಾಗಿ ಹೀಗಿದೆ. ವೈದ್ಯಕೀಯ ಹಿನ್ನೆಲೆಯ ಅನುವಾದಕರೊಬ್ಬರು ಮಾಡಲಿ, ಅದೇ ಹಿನ್ನೆಲೆಯ ಇನ್ನೊಬ್ಬರು ಮೂಲದೊಂದಿಗೆ ಇಟ್ಟು ಪರಿಶೀಲಿಸಲಿ. ಅನುವಾದ ಸೇವೆಗಳ ಐಎಸ್‌ಒ 17100 ಮಾನದಂಡವೂ ಅನುವಾದಕರಿಗೆ ವಿಷಯಜ್ಞಾನವಿರಬೇಕು, ಪರಿಶೀಲನೆ ಬೇರೊಬ್ಬರಿಂದಲೇ ಆಗಬೇಕು ಎನ್ನುತ್ತದೆ, ಆದ್ದರಿಂದ ಇದು ಅವರ ಸ್ವಂತ ಅಭಿಪ್ರಾಯವಷ್ಟೇ ಅಲ್ಲ. ಇಂಗ್ಲಿಷ್ ಮೂಲ ನೋಡದ ಮೂರನೆಯವರು ಕನ್ನಡವನ್ನು ಮತ್ತೆ ಇಂಗ್ಲಿಷ್‌ಗೆ ತರಲಿ. ಆಮೇಲೆ ಆಸ್ಪತ್ರೆಗೆ ಬರುವಂಥ ನಾಲ್ಕಾರು ಜನರಿಗೆ ಓದಿ ಹೇಳಿ, ಅರ್ಥವಾದದ್ದನ್ನು ಅವರ ಮಾತಿನಲ್ಲೇ ಕೇಳಿಕೊಳ್ಳಲಿ. ಐದು ದಿನದಲ್ಲಿ ಇದೆಲ್ಲ ಆಗದು, ಮೂರು ವಾರ ಬೇಕು. ಪ್ರತಿ ಪುಟದ ಕೆಳಗಿನ ಆವೃತ್ತಿ ಸಂಖ್ಯೆ ಮತ್ತು ದಿನಾಂಕ ಇಂಗ್ಲಿಷ್ ಪ್ರತಿಯೊಂದಿಗೆ ಹೊಂದಬೇಕು. ಇಂಥ ಅನುವಾದಕರಿಬ್ಬರ ಹೆಸರುಗಳನ್ನು ಅವರ ಒಪ್ಪಿಗೆ ಪಡೆದೇ ಕೊಟ್ಟು, ಯಾರ ಯಾವ ಕೆಲಸವನ್ನು ತಾವು ಓದಿದ್ದೇವೆ ಎಂದೂ ಬರೆದಿದ್ದಾರೆ. ಗಡುವನ್ನು ನೇರವಾಗಿ ಪ್ರಶ್ನಿಸಿದ್ದು ನನಗೆ ಹಿಡಿಸಿತು. ಕೆಲಸ ಬಿಡುವವರಿಗೆ ಆ ಮಾತಿನಿಂದ ಲಾಭವಿಲ್ಲ, ಹಾಗಾಗಿಯೇ ಅದನ್ನು ಕೇಳುವವರು ನಂಬುತ್ತಾರೆ.

ಓದಿ ಹೇಳುವ ಹಂತದ ಬಗ್ಗೆ ಇನ್ನೊಂದು ಮಾತು ಸೇರಿಸಬೇಕು. ಓದಲು ಬಾರದ ರೋಗಿಯಾದರೆ, ಪ್ರಯೋಗಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಒಪ್ಪಿಗೆಯ ಪ್ರಕ್ರಿಯೆ ಮುಗಿಯುವವರೆಗೆ ಹಾಜರಿರಬೇಕು ಎಂಬುದು ನಿಯಮ. ಅಂದರೆ ಈ ಬರಹ ಬಹಳ ಸಲ ಕಿವಿಯ ಮೂಲಕವೇ ತಲುಪುತ್ತದೆ. ಕಣ್ಣಿಗೆ ಅಚ್ಚುಕಟ್ಟಾಗಿ ಕಾಣುವ ನಾಲ್ಕು ಸಾಲಿನ ವಾಕ್ಯ ಕಿವಿಯಲ್ಲಿ ನಿಲ್ಲುವುದಿಲ್ಲ. ‘ನಿಮಗೆ ಕೊಡುವ ಮಾತ್ರೆಯಲ್ಲಿ ಔಷಧ ಇದ್ದೇ ಇರುತ್ತದೆಯೇ?’, ‘ನಡುವೆ ಬಿಟ್ಟರೆ ಇಲ್ಲಿನ ಚಿಕಿತ್ಸೆ ನಿಲ್ಲುತ್ತದೆಯೇ?’ ಈ ಎರಡು ಪ್ರಶ್ನೆಗೆ ಕೇಳಿದವರು ತಪ್ಪು ಉತ್ತರ ಕೊಟ್ಟರೆ ಅನುವಾದ ಸೋತಿದೆ ಎಂದೇ ಅರ್ಥ, ಯಾರ ಪ್ರಮಾಣಪತ್ರ ಲಗತ್ತಿಸಿದ್ದರೂ ಸರಿ.

ಪತ್ರದ ಮೊದಲ ದೋಷ ಇಲ್ಲಿಗೇ ತಾಗುತ್ತದೆ. ಮತ್ತೆ ಇಂಗ್ಲಿಷ್‌ಗೆ ತರುವ ಹಂತದ ಬಗ್ಗೆ ಅವರು ‘ಇದರಿಂದ ತಪ್ಪುಗಳೆಲ್ಲ ಬಯಲಾಗುತ್ತವೆ’ ಎಂದಿದ್ದಾರೆ. ಬಯಲಾಗುವುದಿಲ್ಲ. ಚೀಟಿ ಎತ್ತುವ ಪ್ಯಾರಾವನ್ನೇ ತೆಗೆದುಕೊಳ್ಳಿ. ಅನುವಾದಕರು ನಿಘಂಟು ನೋಡಿ ‘ಯಾದೃಚ್ಛಿಕವಾಗಿ ಹಂಚಲಾಗುವುದು’ ಎಂದು ಬರೆದರು ಎನ್ನಿ. ಮರಳಿ ಇಂಗ್ಲಿಷ್‌ಗೆ ತಂದಾಗ ಮೂಲದ ಪದವೇ ಅಚ್ಚುಕಟ್ಟಾಗಿ ಬಂದು ಕೂರುತ್ತದೆ, ಸ್ಪಾನ್ಸರ್ ಕಂಪನಿ ಪೂರ್ಣ ಅಂಕ ಕೊಡುತ್ತದೆ. ರೋಗಿಗೆ ಮಾತ್ರ ಏನೂ ತಿಳಿದಿರುವುದಿಲ್ಲ. ಇನ್ನೊಬ್ಬರು ‘ಯಾರಿಗೆ ಯಾವ ಮಾತ್ರೆ ಎಂದು ವೈದ್ಯರಾಗಲಿ ನೀವಾಗಲಿ ಆರಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ನಿರ್ಧರಿಸುತ್ತದೆ’ ಎಂದು ಬರೆದರೆ, ಮರಳಿ ಬಂದ ಇಂಗ್ಲಿಷ್ ಮೂಲಕ್ಕಿಂತ ಉದ್ದವಾಗಿ, ಬೇರೆಯಾಗಿ ಕಾಣುತ್ತದೆ. ಕಂಪನಿಯಿಂದ ‘ಹೊಂದುತ್ತಿಲ್ಲ’ ಎಂಬ ಟಿಪ್ಪಣಿ ಬರುತ್ತದೆ, ತಿಳಿಯುವ ಕನ್ನಡವನ್ನು ತಿಳಿಯದ ಕನ್ನಡಕ್ಕೆ ತಿದ್ದಬೇಕಾಗುತ್ತದೆ. ಬಿಟ್ಟುಹೋದ ವಾಕ್ಯ, ತಪ್ಪಾದ ಅಂಕಿ, ‘ಇಲ್ಲ’ ಇದ್ದ ಕಡೆ ‘ಇದೆ’ ಆದದ್ದು, ಇಂಥವನ್ನು ಈ ಹಂತ ಚೆನ್ನಾಗಿ ಹಿಡಿಯುತ್ತದೆ. ಅದರಾಚೆಗಿನ ವ್ಯತ್ಯಾಸಗಳನ್ನು ಎರಡೂ ಭಾಷೆ ಬಲ್ಲ ವೈದ್ಯರೊಬ್ಬರು ಅನುವಾದಕರ ಜೊತೆ ಕೂತು ತೀರ್ಮಾನಿಸಬೇಕು. ಆ ಕೂರುವಿಕೆ ಪತ್ರದಲ್ಲಿಲ್ಲ. ತೀರ್ಪು ಕೊಡುವವರೇ ಇಲ್ಲದ ಹೋಲಿಕೆಯನ್ನು ಸಲಹೆ ಮಾಡಿದಂತಾಗಿದೆ.

ಎರಡನೆಯ ದೋಷ ಕೊನೆಯ ಪ್ಯಾರಾದಲ್ಲಿದೆ. ‘ಎಲ್ಲ ಮುಗಿದ ಮೇಲೆ ಬೇಕಿದ್ದರೆ ಕನ್ನಡವನ್ನೊಮ್ಮೆ ತಿದ್ದಿಕೊಡುತ್ತೇನೆ, ಅದಕ್ಕೆ ಶುಲ್ಕ ಬೇಡ.’ ಒಳ್ಳೆಯ ಮನಸ್ಸಿನ ಮಾತು, ಅದರಲ್ಲಿ ಸಂಶಯವಿಲ್ಲ. ಆದರೆ ಮೊದಲ ವಾಕ್ಯದಲ್ಲಿ ಮುಚ್ಚಿದ ಬಾಗಿಲನ್ನು ಇದು ಹಿಂದಿನಿಂದ ತೆರೆಯುತ್ತದೆ. ವಿಷಯ ಗೊತ್ತಿಲ್ಲವೆಂದು ಅನುವಾದ ಬಿಟ್ಟವರು ವಿಷಯ ಗೊತ್ತಿಲ್ಲದೆಯೇ ತಿದ್ದಲು ಕೂರುತ್ತಾರೆ. ‘ಸಕ್ಕರೆ ಇಳಿಯಬಹುದು, ಇಳಿಯದೆಯೂ ಇರಬಹುದು’ ಎಂಬ ಸಾಲು ಭಾಷೆಯ ಕಿವಿಗೆ ಪುನರುಕ್ತಿ ಎನಿಸಿ ‘ಸಕ್ಕರೆ ಇಳಿಯಬಹುದು’ ಎಂದಷ್ಟೇ ಆದೀತು. ಪ್ರಯೋಗವನ್ನು ಚಿಕಿತ್ಸೆಯೆಂದು ರೋಗಿ ನಂಬಿಬಿಡುವ ಅಪಾಯ ಮೊದಲೇ ಇದೆ, ಅದಕ್ಕೆ ಈ ತಿದ್ದುಪಡಿ ಇನ್ನಷ್ಟು ಬಲ ಕೊಡುತ್ತದೆ. ಮೇಲಾಗಿ, ‘ಎಲ್ಲ ಮುಗಿದ ಮೇಲೆ’ ಎಂದರೆ ಎಥಿಕ್ಸ್ ಕಮಿಟಿ ಒಪ್ಪಿದ ಮೇಲೆ ಎಂದಾದರೆ, ಆಮೇಲೆ ಯಾರೂ ಒಂದು ಪದವನ್ನೂ ಮುಟ್ಟುವಂತಿಲ್ಲ. ಮುಟ್ಟಿದರೆ ಅದು ಹೊಸ ಆವೃತ್ತಿ, ಮತ್ತೆ ಕಮಿಟಿಯ ಮುಂದೆ ಹೋಗಬೇಕು. ಆ ಪ್ಯಾರಾದ ಜಾಗದಲ್ಲಿ ಬೇಕಿದ್ದದ್ದು ಬೇರೆ: ‘ನೀವು ಕಳಿಸಿದ ಕಡತವನ್ನು ನನ್ನ ಕಂಪ್ಯೂಟರ್‌ನಿಂದಲೂ ಇಮೇಲ್‌ನಿಂದಲೂ ಅಳಿಸಿದ್ದೇನೆ, ಯಾರಿಗೂ ತೋರಿಸಿಲ್ಲ.’ ಬಿಡುಗಡೆಯಾಗದ ಔಷಧದ ಕಾಗದಗಳು ಒಂದು ದಿನ ಅವರಲ್ಲಿದ್ದವು. ಅದರ ಬಗ್ಗೆ ಪತ್ರ ಏನೂ ಹೇಳುವುದಿಲ್ಲ.

ಖರ್ಚಿನ ಮಾತೂ ಬಿಟ್ಟುಹೋಗಿದೆ. ಒಬ್ಬರ ಕೆಲಸ ಮೂವರ ಕೆಲಸವಾದಾಗ ಹಣವೂ ಹೆಚ್ಚು ಬೇಕು. ಅದನ್ನು ಮೊದಲೇ ಬರೆದಿದ್ದರೆ ಕೋಆರ್ಡಿನೇಟರ್ ಈ ಇಮೇಲನ್ನೇ ಕಂಪನಿಗೆ ಕಳಿಸಿ ಹೆಚ್ಚುವರಿ ಮೊತ್ತ ಕೇಳಬಹುದಿತ್ತು.

ಇನ್ನು ಸಲಹೆಗಳ ಕ್ರಮ. ‘ಇದೇ ಕಂಪನಿ ಹಿಂದೆ ಕರ್ನಾಟಕದ ಬೇರೆ ಆಸ್ಪತ್ರೆಗಳಲ್ಲಿ ಪ್ರಯೋಗ ನಡೆಸಿದ್ದರೆ, ಅವರಲ್ಲಿ ಕಮಿಟಿ ಒಪ್ಪಿದ ಕನ್ನಡ ಪ್ರತಿ ಅಥವಾ ಪದಪಟ್ಟಿ ಇರಬಹುದು, ಕೇಳಿ ನೋಡಿ’ ಎಂಬ ಸಾಲು ಐದನೆಯ ಸಲಹೆಯಾಗಿ, ಆವೃತ್ತಿ ಸಂಖ್ಯೆಯ ಕೆಳಗೆ ಕೂತಿದೆ. ಇದು ಎಲ್ಲಕ್ಕಿಂತ ಮೊದಲು ಬರಬೇಕಿತ್ತು. ಒಂದು ಟ್ರಯಲ್ ಸಾಮಾನ್ಯವಾಗಿ ಹಲವು ಆಸ್ಪತ್ರೆಗಳಲ್ಲಿ ಒಟ್ಟಿಗೆ ನಡೆಯುತ್ತದೆ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಅದೇ ಪತ್ರದ ಕನ್ನಡ ಆಗಲೇ ಸಿದ್ಧವಾಗುತ್ತಿದ್ದರೆ, ಬೆಂಗಳೂರಿನಲ್ಲಿ ಇನ್ನೊಂದು ಕನ್ನಡ ಹುಟ್ಟುವುದೇ ತಪ್ಪು. ಒಂದೇ ಪ್ರಯೋಗದ ರೋಗಿಗಳು ಊರಿಗೊಂದು ವಿವರಣೆ ಕೇಳಿದಂತಾಗುತ್ತದೆ. ಆ ಪ್ರತಿ ಸಿಕ್ಕರೆ ಅನುವಾದಕರನ್ನು ಹುಡುಕುವ ಕೆಲಸವೇ ಉಳಿಯುವುದಿಲ್ಲ. ಈ ಆಸ್ಪತ್ರೆಯ ವಿಳಾಸ, ಫೋನ್ ನಂಬರು, ಇಲ್ಲಿನ ಎಥಿಕ್ಸ್ ಕಮಿಟಿಯ ಸಂಪರ್ಕ ಇಷ್ಟನ್ನು ಬದಲಿಸಿ, ನಾಲ್ಕಾರು ಜನರಿಗೆ ಓದಿ ಹೇಳಿ, ಕಮಿಟಿಗೆ ಕಳಿಸಿದರಾಯಿತು.